ಒ ಗುಂಪಿನೊಳಗೆ ಅಡಗಿರುವವರು

ಬಾಂಬೆ ರಕ್ತದ ಗುಂಪು ಎಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: ಹತ್ತು ಸಾವಿರಕ್ಕೆ ಒಬ್ಬರು ಇರುತ್ತಾರೆ, ಆದ್ದರಿಂದ ದಾನಿಗಳು ಸಿಗುವುದಿಲ್ಲ. ಭಾರತದ ಮಟ್ಟಿಗೆ ಆ ಅಂದಾಜು ಸರಿ. ಯುರೋಪಿನಲ್ಲಾದರೆ ಹತ್ತು ಲಕ್ಷಕ್ಕೆ ಒಬ್ಬರು. ಆದರೆ ಈ ಲೆಕ್ಕವನ್ನು ಒಮ್ಮೆ ನಮ್ಮ ಜಿಲ್ಲೆಗೇ ಹಾಕಿ ನೋಡೋಣ. 2011ರ ಜನಗಣತಿಯ ಪ್ರಕಾರ ಶಿವಮೊಗ್ಗ ಜಿಲ್ಲೆಯಲ್ಲಿ ಸುಮಾರು ಹದಿನೇಳೂವರೆ ಲಕ್ಷ ಜನ. ಹತ್ತು ಸಾವಿರಕ್ಕೆ ಒಬ್ಬರಂತೆ ಹಿಡಿದರೆ 175 ಜನ ಬಾಂಬೆ ಗುಂಪಿನವರು ಭದ್ರಾವತಿಯಿಂದ ಸಾಗರದವರೆಗೆ ಎಲ್ಲೋ ಇರಬೇಕು. ಮಕ್ಕಳನ್ನು, ವಯಸ್ಸಾದವರನ್ನು, ರಕ್ತಹೀನತೆ ಇರುವವರನ್ನು ಕಳೆದರೆ ರಕ್ತ ಕೊಡಬಲ್ಲವರು ನೂರಕ್ಕಿಂತ ಕಡಿಮೆಯೇ ಉಳಿಯುತ್ತಾರೆ ಎನ್ನಿ. ಒಂದು ಜಿಲ್ಲೆಯಲ್ಲಿ ಬಾಂಬೆ ರಕ್ತ ಬೇಕಾಗುವ ಸಂದರ್ಭಗಳೂ ಅಷ್ಟೇ ಅಪರೂಪ. ಅಷ್ಟು ದಾನಿಗಳ ಹೆಸರು, ವಿಳಾಸ ಒಂದು ಪುಸ್ತಕದಲ್ಲಿ ಇದ್ದಿದ್ದರೆ ನಮ್ಮ ಜಿಲ್ಲೆಗೆ ಅದು ಧಾರಾಳವಾಗಿ ಸಾಕು. ಹಾಗಿದ್ದರೂ ಬಾಂಬೆ ರಕ್ತ ಬೇಕೆಂದು ಚೀಟಿ ಬಂದಾಗ ರಕ್ತನಿಧಿಯಲ್ಲಿ ಕುಳಿತವರಿಗೆ ಫೋನ್ ಮಾಡಲು ಸಿಗುವ ಹೆಸರುಗಳು ಬೆರಳೆಣಿಕೆಯಷ್ಟು.

ಉಳಿದವರೆಲ್ಲ ಎಲ್ಲಿದ್ದಾರೆ? ಒ ಪಾಸಿಟಿವ್ ಎಂಬ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ನಮ್ಮ ನಿಮ್ಮ ನಡುವೆ ಓಡಾಡುತ್ತಿದ್ದಾರೆ. ಈ ಸಭೆಯಲ್ಲೇ ಒಬ್ಬರು ಇದ್ದರೂ ಆಶ್ಚರ್ಯವಿಲ್ಲ. ಅವರು ಹೇಗೆ ಅಡಗಿದ್ದಾರೆ, ಅವರನ್ನು ಕಂಡುಹಿಡಿಯುವುದು ಹೇಗೆ, ಕಂಡುಹಿಡಿದ ಮೇಲೂ ಅವರ ರಕ್ತ ರೋಗಿಗೆ ತಲುಪುವುದು ಏಕೆ ಕಷ್ಟ ಎಂಬುದೇ ಇವತ್ತಿನ ಮಾತು. ರಕ್ತನಿಧಿಯ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಟ್ಯೂಬು ಅಲ್ಲಾಡಿಸಿದವನು ನಾನು. ಹಾಗಾಗಿ ಟ್ಯೂಬಿನ ಮಾತು ಸ್ವಲ್ಪ ಹೆಚ್ಚಾಗಬಹುದು.

ಮೊದಲು ಗುಂಪು ಎಂದರೇನು ನೋಡೋಣ. ಇಲ್ಲಿ ಕುಳಿತವರಲ್ಲಿ ತೋಟ ಇರುವವರೇ ಹೆಚ್ಚು, ಆದ್ದರಿಂದ ತೋಟದಲ್ಲೇ ಹೇಳುತ್ತೇನೆ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳ ಸಣ್ಣ ಸಣ್ಣ ಸರಪಳಿಗಳಿವೆ. ಆ ಸರಪಳಿಯ ತುದಿಗೆ ಫ್ಯೂಕೋಸ್ ಎಂಬ ಒಂದು ಸಕ್ಕರೆ ಕೂಡಿಕೊಂಡರೆ ಅದಕ್ಕೆ ಎಚ್ ಪ್ರತಿಜನಕ ಎನ್ನುತ್ತಾರೆ. ಇದನ್ನು ಅಡಿಕೆ ಮರ ಎಂದುಕೊಳ್ಳಿ. ಎ ಗುಂಪಿನವರಲ್ಲಿ ಈ ಮರಕ್ಕೆ ಇನ್ನೊಂದು ಸಕ್ಕರೆ ಹಬ್ಬುತ್ತದೆ, ಅದು ಮೆಣಸಿನ ಬಳ್ಳಿ. ಬಿ ಗುಂಪಿನವರಲ್ಲಿ ಹಬ್ಬುವುದು ಬೇರೆ ಸಕ್ಕರೆ, ಅದು ವೀಳ್ಯದ ಬಳ್ಳಿ. ಎಬಿ ಗುಂಪಿನವರ ತೋಟದಲ್ಲಿ ಎರಡೂ ಬಳ್ಳಿಗಳಿವೆ. ಒ ಗುಂಪಿನವರಲ್ಲಿ ಬಳ್ಳಿ ಇಲ್ಲ, ಬರೀ ಅಡಿಕೆ ಮರ. ಬಾಂಬೆ ಗುಂಪಿನವರಲ್ಲಿ ಮರವೇ ಇಲ್ಲ. ಮರ ಇಲ್ಲದಿದ್ದರೆ ಅಪ್ಪ ಅಮ್ಮನಿಂದ ಮೆಣಸಿನ ಬೀಜ ಬಂದಿದ್ದರೂ ಹಬ್ಬಲು ಜಾಗವಿಲ್ಲ. ಬೀಜ ಮಾತ್ರ ಒಳಗೆ ಇದ್ದೇ ಇರುತ್ತದೆ. ಈ ಬೀಜದ ವಿಷಯ ನೆನಪಿನಲ್ಲಿಡಿ, ಮುಂದೆ ಒಂದು ಮನೆಯ ಜಗಳದಲ್ಲಿ ಅದು ಬೇಕಾಗುತ್ತದೆ.

ಶಾಲೆಯಲ್ಲಿ, ಆರೋಗ್ಯ ಶಿಬಿರದಲ್ಲಿ ನಿಮ್ಮ ಗುಂಪು ಹೇಗೆ ನೋಡಿದರು ನೆನಪಿಸಿಕೊಳ್ಳಿ. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಹನಿ ಹಾಕುತ್ತಾರೆ. ಒಂದು ಹನಿಗೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ ದ್ರವ, ಮೂರನೆಯದಕ್ಕೆ ಬಣ್ಣವಿಲ್ಲದ ದ್ರವ. ನೀಲಿಯದು ಎ ಬಳ್ಳಿಯನ್ನು ಹುಡುಕುತ್ತದೆ, ಹಳದಿಯದು ಬಿ ಬಳ್ಳಿಯನ್ನು. ಮೂರನೆಯದು ಪಾಸಿಟಿವ್ ನೆಗೆಟಿವ್ ಹೇಳುವ ಡಿ ಪ್ರತಿಜನಕಕ್ಕೆ. ಹನಿ ಗಂಟುಗಂಟಾದರೆ ಇದೆ, ನುಣ್ಣಗೆ ಉಳಿದರೆ ಇಲ್ಲ. ನೀಲಿ, ಹಳದಿ ಎರಡೂ ನುಣ್ಣಗೆ ಉಳಿದರೆ ಒ ಎಂದು ಬರೆದುಬಿಡುತ್ತಾರೆ. ಬಳ್ಳಿಯನ್ನಷ್ಟೇ ಹುಡುಕುವವನಿಗೆ ಬೋಳು ಮರವೂ ಒಂದೇ, ಮರವಿಲ್ಲದ ಬಯಲೂ ಒಂದೇ. ಬಾಂಬೆ ಗುಂಪಿನವರು ಒ ಆಗುವುದು ಇಲ್ಲಿಯೇ. ಅಲ್ಲಿ ಹನಿ ಹಾಕಿದವರ ತಪ್ಪೇನೂ ಇಲ್ಲ, ಆ ಪರೀಕ್ಷೆಯಿಂದ ಅಷ್ಟೇ ಗೊತ್ತಾಗುವುದು.

ಆದರೆ ದೇಹಕ್ಕೆ ವ್ಯತ್ಯಾಸ ಚೆನ್ನಾಗಿ ಗೊತ್ತು. ತನ್ನಲ್ಲಿ ಇಲ್ಲದ ಪ್ರತಿಜನಕಕ್ಕೆ ದೇಹ ಪ್ರತಿಕಾಯ ತಯಾರಿಸಿ ಇಟ್ಟುಕೊಳ್ಳುತ್ತದೆ. ಎ ಗುಂಪಿನವರಲ್ಲಿ ಬಿ ವಿರುದ್ಧ, ಬಿ ಗುಂಪಿನವರಲ್ಲಿ ಎ ವಿರುದ್ಧ, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ. ಬಾಂಬೆ ಗುಂಪಿನವರಲ್ಲಿ ಈ ಎರಡರ ಜೊತೆಗೆ ಎಚ್ ವಿರುದ್ಧವೂ ಪ್ರತಿಕಾಯ ಇರುತ್ತದೆ. ಎಚ್ ಎಂಬ ಮರ ಜಗತ್ತಿನ ಉಳಿದೆಲ್ಲರ ರಕ್ತದಲ್ಲೂ ಇದೆ, ಅತಿ ಹೆಚ್ಚಾಗಿ ಇರುವುದು ಒ ಗುಂಪಿನವರಲ್ಲೇ. ಎಲ್ಲರಿಗೂ ಕೊಡಬಹುದು ಎಂದು ನಾವು ನಂಬಿರುವ ಒ ನೆಗೆಟಿವ್ ಇವರ ಪಾಲಿಗೆ ವಿಷ. ಈ ಪ್ರತಿಕಾಯ ದೇಹದ ಉಷ್ಣಾಂಶದಲ್ಲೇ ಜೋರಾಗಿ ಕೆಲಸ ಮಾಡುತ್ತದೆ, ಹೊರಗಿನಿಂದ ಬಂದ ಕಣಗಳನ್ನು ರಕ್ತನಾಳದ ಒಳಗೇ ಒಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಚಳಿ ಜ್ವರ, ಸೊಂಟದ ನೋವು, ಎದೆ ಬಿಗಿತ ಶುರುವಾಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ನಿಲ್ಲುತ್ತದೆ. ರೋಗಿ ಅರಿವಳಿಕೆಯಲ್ಲಿದ್ದರೆ ಸೊಂಟ ನೋವೆಂದು ಹೇಳುವವರೂ ಇಲ್ಲ. ಮೂತ್ರದ ಚೀಲದ ಬಣ್ಣ ನೋಡಿಯೇ ತಿಳಿಯಬೇಕು.

ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಮುಂಬಯಿಯಲ್ಲಿ. ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಯಾವ ರಕ್ತವೂ ಹೊಂದದ ರೋಗಿಗಳನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಊರಿನ ಹೆಸರು ಗುಂಪಿಗೆ ಅಂಟಿಕೊಂಡಿತು. ಅದರಿಂದ ಒಂದು ಎಡವಟ್ಟೂ ಆಗಿದೆ. ನಮ್ಮ ಕಡೆಯವರು ‘ನಮ್ಮಲ್ಲಿ ಮುಂಬಯಿಯವರು ಯಾರೂ ಇಲ್ಲವಲ್ಲ ಸಾರ್’ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಇರುವಂತೆ ಕರ್ನಾಟಕ, ಆಂಧ್ರಗಳಲ್ಲೂ ಈ ಗುಂಪಿನವರು ಇದ್ದಾರೆ. 2017ರಲ್ಲಿ ಮ್ಯಾನ್ಮಾರಿನ ಯಾಂಗೊನ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಮಹಿಳೆಯೊಬ್ಬರಿಗೆ ಎರಡು ಚೀಲ ಬಾಂಬೆ ರಕ್ತ ಹೋಯಿತು. ಅದು ಹೋದದ್ದು ನಮ್ಮ ಪಕ್ಕದ ದಾವಣಗೆರೆಯ ರಕ್ತನಿಧಿಯಿಂದ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಅದನ್ನು ಕೂಡಿಸಿಕೊಟ್ಟಿತ್ತು.

ಈಗ ಒಂದು ಪ್ರಕರಣಕ್ಕೆ ಬರುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು, ಎರಡನೆಯ ಬಸುರಿ, 34 ವಾರ ತುಂಬಿತ್ತು. ಹಿಮೋಗ್ಲೋಬಿನ್ 7.2. ತಾಯಿ ಕಾರ್ಡಿನಲ್ಲಿ ಒ ಪಾಸಿಟಿವ್ ಎಂದಿತ್ತು. ವೈದ್ಯರು ಎರಡು ಚೀಲ ರಕ್ತ ಬೇಕೆಂದು ಚೀಟಿ ಬರೆದರು. ಮೊದಲ ಹೆರಿಗೆ ಸಲೀಸಾಗಿ ಆಗಿದ್ದರಿಂದ ಆಗ ರಕ್ತದ ಮಾತೇ ಬಂದಿರಲಿಲ್ಲ.

ರಕ್ತನಿಧಿಯಲ್ಲಿ ಗುಂಪನ್ನು ಎರಡು ಕಡೆಯಿಂದ ನೋಡುತ್ತೇವೆ. ರೋಗಿಯ ಕಣಗಳನ್ನು ಗೊತ್ತಿರುವ ದ್ರವದ ಜೊತೆ ಸೇರಿಸುವುದು ಒಂದು, ಇದು ಶಿಬಿರದ ಪರೀಕ್ಷೆಯಂಥದ್ದೇ. ರೋಗಿಯ ಸೀರಂ, ಅಂದರೆ ಕಣಗಳನ್ನು ಬಿಟ್ಟು ಮೇಲೆ ಉಳಿಯುವ ತಿಳಿ ದ್ರವ ತೆಗೆದು ಗೊತ್ತಿರುವ ಕಣಗಳ ಜೊತೆ ಸೇರಿಸುವುದು ಇನ್ನೊಂದು. ಇದಕ್ಕೆ ಮೂರು ಟ್ಯೂಬ್ ಬೇಕು: ಎ ಕಣ, ಬಿ ಕಣ, ಒ ಕಣ. ನಿಜವಾದ ಒ ಗುಂಪಿನವರ ಸೀರಂ ಎ ಕಣವನ್ನೂ ಬಿ ಕಣವನ್ನೂ ಗಂಟು ಕಟ್ಟಿಸುತ್ತದೆ, ಒ ಕಣವನ್ನು ಮುಟ್ಟುವುದಿಲ್ಲ. ಕೆಲಸದ ಒತ್ತಡದಲ್ಲಿ ಆ ಮೂರನೆಯ ಟ್ಯೂಬನ್ನು ಬಿಟ್ಟುಬಿಡುವ ಕಡೆಗಳೂ ಇವೆ. ಹೇಗೂ ಏನೂ ಆಗುವುದಿಲ್ಲ, ಒ ಕಣ ಏಕೆ ಖರ್ಚು ಮಾಡುವುದು ಎಂಬ ಲೆಕ್ಕ. ಹಾಗೆ ಬಿಟ್ಟರೆ ಬಾಂಬೆ ಗುಂಪಿನವರು ಎರಡನೆಯ ಪರೀಕ್ಷೆಯಲ್ಲೂ ಒ ಆಗಿಯೇ ಪಾಸಾಗುತ್ತಾರೆ. ಸಾವಿರಾರು ಸಲ ಸುಮ್ಮನಿರುವ ಆ ಒಂದು ಟ್ಯೂಬ್ ಮಾತಾಡುವುದು ಇಂಥ ದಿನವೇ.

ಆ ದಿನ ಅದು ಮಾತಾಡಿತು. ಸೆಂಟ್ರಿಫ್ಯೂಜಿನಿಂದ ತೆಗೆದು ನಿಧಾನವಾಗಿ ಅಲ್ಲಾಡಿಸಿದಾಗ ಒ ಕಣಗಳ ಟ್ಯೂಬಿನ ತಳದಲ್ಲಿ ಒಂದೇ ಗಟ್ಟಿ ಗುಂಡಿ. ಅಲ್ಲಾಡಿಸಿದರೂ ಒಡೆಯಲಿಲ್ಲ, ಸುತ್ತಲಿನ ದ್ರವ ತಿಳಿಯಾಗಿತ್ತು. ನಮ್ಮ ಭಾಷೆಯಲ್ಲಿ ಅದು ನಾಲ್ಕು ಪ್ಲಸ್, ಅಂದರೆ ಅತಿ ಬಲವಾದ ಪ್ರತಿಕ್ರಿಯೆ. ಎ ಮತ್ತು ಬಿ ಕಣಗಳದೂ ಅದೇ ಕಥೆ. ಫ್ರಿಜ್ಜಿನಲ್ಲಿದ್ದ ಒ ಪಾಸಿಟಿವ್ ಚೀಲಗಳನ್ನು ಒಂದೊಂದಾಗಿ ಕ್ರಾಸ್ ಮ್ಯಾಚ್ ಮಾಡಿದರೆ, ಅಂದರೆ ಚೀಲದ ಕಣಗಳನ್ನು ಆಕೆಯ ಸೀರಂ ಜೊತೆ ಸೇರಿಸಿ ನೋಡಿದರೆ, ಒಂದೂ ಹೊಂದಲಿಲ್ಲ.

ಇಲ್ಲಿ ಅವಸರ ಮಾಡಬಾರದು. ಎಲ್ಲ ಚೀಲವೂ ಹೊಂದದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಕೆಲವರ ಸೀರಂ ಚಳಿಯಲ್ಲಿ ಎಲ್ಲರ ಕಣಗಳನ್ನೂ, ತಮ್ಮದೇ ಕಣಗಳನ್ನೂ ಅಂಟಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಕೋಣೆ ತಣ್ಣಗಿದ್ದಾಗ ಅದು ಇನ್ನೂ ಗೊಂದಲ ಮಾಡುತ್ತದೆ. ಹಾಗಾಗಿ ಆಕೆಯ ಸೀರಂ ಅನ್ನು ಆಕೆಯದೇ ಕಣಗಳ ಜೊತೆ ಸೇರಿಸಿ ನೋಡಿದೆವು. ನುಣ್ಣಗೆ ಉಳಿಯಿತು. ಅಂದರೆ ತನ್ನ ರಕ್ತ ತನಗೆ ಒಪ್ಪುತ್ತದೆ, ಊರಿನ ಯಾರ ರಕ್ತವೂ ಒಪ್ಪುವುದಿಲ್ಲ. 37 ಡಿಗ್ರಿಯಲ್ಲಿ ಇಟ್ಟು ನೋಡಿದರೂ ಒ ಕಣಗಳು ಗಂಟಾಗಿಯೇ ಇದ್ದವು. ಚಳಿಯ ಪ್ರತಿಕಾಯವಾಗಿದ್ದರೆ ಬಿಸಿಗೆ ಬಿಡಬೇಕಿತ್ತು.

ಕೊನೆಯದು ಎಚ್ ಇದೆಯೋ ಇಲ್ಲವೋ ಎಂದು ನೇರವಾಗಿ ಕೇಳುವ ದ್ರವ, ಆಂಟಿ ಎಚ್ ಲೆಕ್ಟಿನ್. ಇದನ್ನು ತಯಾರಿಸುವುದು ಯುಲೆಕ್ಸ್ ಯುರೋಪಿಯಸ್ ಎಂಬ ಮುಳ್ಳುಗಿಡದ ಬೀಜದಿಂದ. ಹಳದಿ ಹೂವಿನ ಈ ಗಿಡವನ್ನು ಬ್ರಿಟಿಷರು ನೀಲಗಿರಿಗೆ ತಂದು ನೆಟ್ಟರು. ಅದು ಅಲ್ಲಿನ ಹುಲ್ಲುಗಾವಲಿಗೆ ನುಗ್ಗಿ ಈಗ ಅರಣ್ಯ ಇಲಾಖೆಗೆ ತಲೆನೋವಾಗಿದೆ. ಊಟಿಗೆ ಹೋದಾಗ ನೋಡಿ. ಅಲ್ಲಿ ಕಿತ್ತು ಎಸೆಯುವ ಗಿಡ, ಇಲ್ಲಿ ಫ್ರಿಜ್ಜಿನಲ್ಲಿ ಜೋಪಾನ ಮಾಡಿಡುವ ಸಣ್ಣ ಬಾಟಲಿ. ಇರಲಿ. ಒ ಗುಂಪಿನ ಕಣಗಳಿಗೆ ಈ ದ್ರವ ಹಾಕಿದರೆ ಕೂಡಲೇ ಗಂಟು ಕಟ್ಟುತ್ತವೆ. ಆಕೆಯ ಕಣಗಳು ಕಟ್ಟಲಿಲ್ಲ. ಬಾಂಬೆ ಪಾಸಿಟಿವ್ ಎಂದು ಪೆನ್ಸಿಲಿನಲ್ಲಿ ಬರೆದು, ಖಚಿತಪಡಿಸಿಕೊಳ್ಳಲು ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಮುಂಬಯಿಯಲ್ಲಿರುವ ರಾಷ್ಟ್ರೀಯ ಇಮ್ಯುನೊಹಿಮಟಾಲಜಿ ಸಂಸ್ಥೆ ಇಂಥ ಅಪರೂಪದ ಗುಂಪುಗಳಿಗೆ ದೇಶದ ಮುಖ್ಯ ಕೇಂದ್ರ.

ಆಕೆಯ ಅತ್ತೆಯೂ ಜೊತೆಗೆ ಬಂದಿದ್ದರು. ವಿಷಯ ತಿಳಿಸುವಾಗ ನಾನು ಮೊದಲ ಮಗುವಿನ ಗುಂಪು ಯಾವುದೆಂದು ಕೇಳಿದೆ. ಅವರು ಮುಖ ತಿರುಗಿಸಿದರು. ಗಂಡ ನಿಧಾನವಾಗಿ ‘ಬಿ ಪಾಸಿಟಿವ್ ಸಾರ್’ ಎಂದ. ಅವನದು ಎ. ತಾಯಿ ಒ, ತಂದೆ ಎ ಆದರೆ ಮಕ್ಕಳು ಎ ಅಥವಾ ಒ ಆಗಬೇಕು, ಬಿ ಆಗಲು ಸಾಧ್ಯವಿಲ್ಲ ಎಂಬುದು ಪಿಯುಸಿ ಪುಸ್ತಕದಲ್ಲೇ ಇದೆ. ಆ ಪುಸ್ತಕ ಓದಿದವರು ಅವರ ಮನೆಯಲ್ಲೂ ಇದ್ದರು. ಮೂರು ವರ್ಷ ಆ ಹೆಣ್ಣುಮಗಳು ಏನೆಲ್ಲ ಕೇಳಿಸಿಕೊಂಡಿದ್ದಳೋ ನಾನು ಕೇಳಲು ಹೋಗಲಿಲ್ಲ. ಕಾಗದ ತೆಗೆದು ಬರೆದು ತೋರಿಸಿದೆ. ಆಕೆಯೊಳಗೆ ಬಿ ಬೀಜ ಇತ್ತು, ಮರ ಇಲ್ಲದ್ದರಿಂದ ಅವಳ ರಕ್ತದಲ್ಲಿ ಅದು ಹಬ್ಬಿರಲಿಲ್ಲ. ಮಗುವಿಗೆ ಬೀಜ ಅಮ್ಮನಿಂದ ಬಂತು, ಮರ ಅಪ್ಪನಿಂದ ಬಂತು. ಬಳ್ಳಿ ಹಬ್ಬಿತು, ಮಗು ಬಿ ಆಯಿತು. ಅತ್ತೆ ಕಾಗದವನ್ನು ಎರಡು ಸಲ ನೋಡಿ, ‘ಇದನ್ನು ಇವರ ಚಿಕ್ಕಪ್ಪನಿಗೂ ಬರೆದುಕೊಡಿ’ ಎಂದರು.

ಆ ಮಗುವಿನ ಗುಂಪೇ ಮೂರು ವರ್ಷ ಮುಂಚೆ ನಮಗೆ ಸುಳಿವು ಕೊಟ್ಟಿತ್ತು. ಇಲ್ಲಿ ಆಶಾ ಕಾರ್ಯಕರ್ತೆಯರು ಬಂದಿದ್ದೀರಿ, ನಿಮಗೆ ಹೇಳುತ್ತೇನೆ: ಒ ಗುಂಪಿನ ತಾಯಿಗೆ ಎಬಿ ಮಗು ಹುಟ್ಟಿದರೆ, ಅಥವಾ ತಂದೆ ತಾಯಿಯ ಲೆಕ್ಕಕ್ಕೆ ಬಾರದ ಗುಂಪಿನ ಮಗು ಹುಟ್ಟಿದರೆ, ಮೊದಲು ಮೂವರ ಗುಂಪನ್ನೂ ರಕ್ತನಿಧಿಯಲ್ಲಿ ಇನ್ನೊಮ್ಮೆ ನೋಡಿಸಿ. ಬಹಳ ಸಲ ಬರವಣಿಗೆಯ ತಪ್ಪಿರುತ್ತದೆ. ಕೆಲವೊಮ್ಮೆ ಇದಿರುತ್ತದೆ.

ಇನ್ನು ರಕ್ತ ಹುಡುಕುವ ಕೆಲಸ. ಮರ ಕಟ್ಟುವ ವಂಶವಾಹಿಯ ಕೆಟ್ಟ ಪ್ರತಿ ಅಪ್ಪನಿಂದಲೂ ಅಮ್ಮನಿಂದಲೂ ಬಂದರೆ ಮಾತ್ರ ಬಾಂಬೆ ಗುಂಪು. ಅಪ್ಪ ಅಮ್ಮ ತಾವು ಸಾಮಾನ್ಯ ಗುಂಪಿನವರೇ ಆಗಿರುತ್ತಾರೆ, ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿರುತ್ತಾರೆ ಅಷ್ಟೇ. ಹತ್ತು ಸಾವಿರಕ್ಕೆ ಒಬ್ಬರು ಬಾಂಬೆ ಎಂದರೆ ಸುಮಾರು ಐವತ್ತಕ್ಕೆ ಒಬ್ಬರು ಹೀಗೆ ಹೊತ್ತವರು ಎಂದು ಲೆಕ್ಕ ಬರುತ್ತದೆ. ಹೊತ್ತ ಇಬ್ಬರು ಆಕಸ್ಮಿಕವಾಗಿ ಮದುವೆಯಾಗುವುದು ಕಡಿಮೆ. ಸಂಬಂಧದಲ್ಲೇ ಮದುವೆಯಾದರೆ ಸಾಧ್ಯತೆ ಏರುತ್ತದೆ. ಲೆಕ್ಕ ಹಾಕಿದರೆ ಅತ್ತೆ ಮಗಳು, ಮಾವನ ಮಗ ಮದುವೆಯಾದಾಗ ಹುಟ್ಟುವ ಮಕ್ಕಳಲ್ಲಿ ಹತ್ತು ಸಾವಿರಕ್ಕೆ ಏಳು, ಸೋದರಮಾವನನ್ನೇ ಮದುವೆಯಾದಾಗ ಹತ್ತು ಸಾವಿರಕ್ಕೆ ಹದಿಮೂರು. ಈ ಹೆಣ್ಣುಮಗಳ ಅಮ್ಮ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ಒಳ್ಳೆಯ ಸಂಬಂಧ, ಆಸ್ತಿ ಒಡೆಯುವುದಿಲ್ಲ ಎಂದು ಮಾಡಿದ ಮದುವೆ.

ಇದರಿಂದಲೇ ಎಲ್ಲಿ ಹುಡುಕಬೇಕು ಎಂಬುದೂ ಗೊತ್ತಾಗುತ್ತದೆ. ಮಕ್ಕಳನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಅಪ್ಪನಿಂದ ಮರ ಬಂದಿರುತ್ತದೆ. ತಂದೆ ತಾಯಿಯಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹೊರಗೆ ಹತ್ತು ಸಾವಿರದಲ್ಲಿ ಒಬ್ಬರನ್ನು ಹುಡುಕುವ ಬದಲು ಮನೆಯೊಳಗೆ ನಾಲ್ವರಲ್ಲಿ ಒಬ್ಬರನ್ನು ಹುಡುಕುವುದು. ಆಕೆಗೆ ಒಬ್ಬ ಅಕ್ಕ, ಇಬ್ಬರು ತಮ್ಮಂದಿರು. ಮೂವರಲ್ಲಿ ಒಬ್ಬರಾದರೂ ಸಿಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಅಕ್ಕ ಬಿ, ದೊಡ್ಡ ತಮ್ಮ ನಿಜವಾದ ಒ. ಚಿಕ್ಕ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಅವನ ಕಾರ್ಡಿನಲ್ಲೂ ಒ ಪಾಸಿಟಿವ್ ಎಂದಿತ್ತು. ಬಂದ, ಪರೀಕ್ಷಿಸಿದರೆ ಬಾಂಬೆ ಪಾಸಿಟಿವ್. ತೂಕ, ಹಿಮೋಗ್ಲೋಬಿನ್, ಸೋಂಕಿನ ಪರೀಕ್ಷೆ ಎಲ್ಲವೂ ಸರಿಯಿತ್ತು.

ಕಥೆ ಮುಗಿಯಿತು ಎಂದುಕೊಂಡಿರಾ? ಮನೆಯವರೂ ಹಾಗೆಯೇ ಅಂದುಕೊಂಡರು. ತಮ್ಮನ ರಕ್ತ ಅಕ್ಕನಿಗೆ, ಇದಕ್ಕಿಂತ ಒಳ್ಳೆಯದು ಏನಿದೆ ಎಂದರು. ಒಡಹುಟ್ಟಿದವರ ರಕ್ತದಲ್ಲಿ ಬೇರೆಯದೇ ಅಪಾಯವಿದೆ. ದಾನಿಯ ರಕ್ತದಲ್ಲಿ ಬಿಳಿ ಕಣಗಳೂ ಬರುತ್ತವೆ. ಹೊರಗಿನವರ ಬಿಳಿ ಕಣಗಳನ್ನು ರೋಗಿಯ ದೇಹ ಬೇರೆಯವೆಂದು ಗುರುತಿಸಿ ಮುಗಿಸಿಬಿಡುತ್ತದೆ. ಒಡಹುಟ್ಟಿದವರದಾದರೆ ತನ್ನವೇ ಎಂದುಕೊಂಡು ಬಿಟ್ಟುಬಿಡಬಹುದು. ಆಗ ಆ ಕಣಗಳು ಬೇರೂರಿ ರೋಗಿಯ ಚರ್ಮ, ಯಕೃತ್ತು, ಮೂಳೆಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಸಂಬಂಧದಲ್ಲೇ ಮದುವೆಯಾದ ಮನೆತನಗಳಲ್ಲಿ ಈ ಹೋಲಿಕೆ ಇನ್ನೂ ಹೆಚ್ಚು. ಅಂದರೆ ಬಾಂಬೆ ರಕ್ತ ಸಿಗುವ ಮನೆಯಲ್ಲೇ ಅದನ್ನು ನೇರವಾಗಿ ಕೊಡುವ ಅಪಾಯವೂ ಇದೆ. ಇದಕ್ಕೆ ಪರಿಹಾರ ಚೀಲಕ್ಕೆ ವಿಕಿರಣ ಹಾಯಿಸುವುದು, ಅದರಿಂದ ಬಿಳಿ ಕಣಗಳು ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ, ಕೆಂಪು ಕಣಗಳು ಉಳಿಯುತ್ತವೆ. ಆ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಇರುತ್ತದೆ. ನಾವು ಘಟ್ಟದ ಕೆಳಗಿನ ಒಂದು ಆಸ್ಪತ್ರೆಯನ್ನು ಕೇಳಿಕೊಂಡೆವು.

ಎರಡನೆಯ ತೊಡಕು ದಿನದ ಲೆಕ್ಕ. ಸಾಮಾನ್ಯವಾಗಿ ಬಳಸುವ ಸಂರಕ್ಷಕ ಹಾಕಿದ ಚೀಲ ಫ್ರಿಜ್ಜಿನಲ್ಲಿ 35 ದಿನ ಇರುತ್ತದೆ, ಇನ್ನೊಂದು ಬಗೆಯಲ್ಲಿ 42 ದಿನ. ವಿಕಿರಣ ಹಾಯಿಸಿದ ಮೇಲೆ ಆಯುಷ್ಯ ಇನ್ನೂ ಕಡಿಮೆ. ರಕ್ತ ಕೊಟ್ಟ ಗಂಡಸು ಮತ್ತೆ 90 ದಿನ ಕೊಡುವಂತಿಲ್ಲ, ಹೆಂಗಸಾದರೆ 120 ದಿನ. ಬೇಗ ತೆಗೆದರೆ ಹೆರಿಗೆಯ ಹೊತ್ತಿಗೆ ಚೀಲದ ಅವಧಿ ಮುಗಿದಿರಬಹುದು, ತಡ ಮಾಡಿದರೆ ನೋವು ಮುಂಚೆಯೇ ಬರಬಹುದು. ಒಮ್ಮೆ ತೆಗೆದು ಹಾಳಾದರೆ ಅದೇ ದಾನಿ ಮೂರು ತಿಂಗಳು ಸಿಗುವುದಿಲ್ಲ. ಸಾಮಾನ್ಯ ಒ ಗುಂಪಿಗೆ ಈ ಚಿಂತೆಯೇ ಇಲ್ಲ, ಒಬ್ಬರ ಚೀಲ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ.

ಹಾಗಾದರೆ ಹೆಪ್ಪುಗಟ್ಟಿಸಿ ಇಡಬಾರದೇ ಎಂದು ಕಾಲೇಜಿನ ಹುಡುಗರು ಕೇಳುತ್ತಾರೆ. ಇಡಬಹುದು. ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿ ಹತ್ತು ವರ್ಷದವರೆಗೂ ಇಡಬಹುದು. ಆದರೆ ಕರಗಿಸಿ, ಗ್ಲಿಸರಾಲ್ ಹೋಗುವವರೆಗೆ ತೊಳೆದು ಕೊಡಬೇಕು. ತೊಳೆಯಲು ಬೇರೆ ಯಂತ್ರ, ನುರಿತ ಕೈ ಬೇಕು. ತೆರೆದ ವಿಧಾನದಲ್ಲಿ ತೊಳೆದದ್ದನ್ನು 24 ಗಂಟೆಯೊಳಗೆ ಬಳಸಬೇಕು. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕರೆಂಟು ಕಾಣದ ನಮ್ಮ ಊರುಗಳಲ್ಲಿ ಮೈನಸ್ 80ರ ಫ್ರೀಜರ್ ಇಟ್ಟು, ಅದಕ್ಕೊಂದು ಜನರೇಟರ್ ಇಟ್ಟು ವರ್ಷಕ್ಕೊಂದು ಚೀಲ ಕಾಯುವುದನ್ನು ಯಾವ ಲೆಕ್ಕಾಧಿಕಾರಿಯೂ ಒಪ್ಪುವುದಿಲ್ಲ. ಒಪ್ಪದಿರುವುದು ಸರಿಯೂ ಹೌದು. ಇಂಥ ದಾಸ್ತಾನು ರಾಜ್ಯಕ್ಕೆ ಒಂದೆರಡು ಕಡೆ ಇದ್ದರೆ ಸಾಕು. ಜಿಲ್ಲೆಯ ಪಾಲಿಗೆ ದಾಸ್ತಾನು ಎಂದರೆ ಜೀವಂತ ದಾನಿಗಳೇ.

ಆಕೆಯ ವಿಷಯದಲ್ಲಿ ಪ್ರಸೂತಿ ವೈದ್ಯರು ಜಾಣತನದ ದಾರಿ ಹಿಡಿದರು. ರಕ್ತವೇ ಬೇಕಾಗದಂತೆ ಮಾಡುವುದು. ಒಂದು ಚೀಲ ರಕ್ತದಿಂದ ಹಿಮೋಗ್ಲೋಬಿನ್ ಏರುವುದು ಸುಮಾರು ಒಂದು ಗ್ರಾಂ. ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಟ್ಟರೆ ಕೆಲವು ವಾರಗಳಲ್ಲಿ ಅದಕ್ಕಿಂತ ಹೆಚ್ಚು ಏರುತ್ತದೆ, ಕೊರತೆ ಕಬ್ಬಿಣದ್ದೇ ಆಗಿದ್ದರೆ. ಆಕೆಯದು ಅದೇ ಆಗಿತ್ತು. 38ನೆಯ ವಾರಕ್ಕೆ 9.4ಕ್ಕೆ ಬಂತು. ಆಷಾಢದ ಮಳೆ ಜೋರಾಗಿತ್ತು. ಹುಲಿಕಲ್ ಘಾಟಿಯಲ್ಲಿ ರಾತ್ರಿ ಹೊತ್ತು ನೋವು ತಿನ್ನುವ ಬಸುರಿಯನ್ನು ಇಳಿಸುವುದು ಬೇಡವೆಂದು ವಾರ ಮುಂಚೆಯೇ ಆಕೆಯನ್ನು ಕೆಳಗಿನ ನೆಂಟರ ಮನೆಯಲ್ಲಿ ಇರಿಸಿದರು. ತಮ್ಮನ ಒಂದು ಚೀಲ ವಿಕಿರಣ ಮುಗಿಸಿ ಅಲ್ಲಿಯೇ ಫ್ರಿಜ್ಜಿನಲ್ಲಿತ್ತು. ದಾನಿಗಳ ಪಟ್ಟಿ ಇಟ್ಟುಕೊಂಡಿದ್ದವರ ಮೂಲಕ ಇನ್ನೊಂದು ಜಿಲ್ಲೆಯ ಬಾಂಬೆ ಪಾಸಿಟಿವ್ ದಾನಿಯೊಬ್ಬರು ಸಿಕ್ಕಿದರು. ಅವರಿಂದ ರಕ್ತ ತೆಗೆಯಲಿಲ್ಲ, ಆ ವಾರ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ ಎಂದು ಮಾತ್ರ ಕೇಳಿಕೊಂಡೆವು. ಪ್ಲಾಸ್ಮಾದ ಚಿಂತೆ ಇರಲಿಲ್ಲ. ಆಕೆಯ ಕಣಗಳ ಮೇಲೆ ಎ, ಬಿ, ಎಚ್ ಯಾವುದೂ ಇಲ್ಲದ್ದರಿಂದ ಸಾಮಾನ್ಯ ಗುಂಪುಗಳಲ್ಲಿ ಯಾರ ಪ್ಲಾಸ್ಮಾ ಕೊಟ್ಟರೂ ನಡೆಯುತ್ತದೆ. ಕೊರತೆ ಇರುವುದು ಕೆಂಪು ಕಣಕ್ಕೆ ಮಾತ್ರ.

ಹೆರಿಗೆ ಸಹಜವಾಗಿ ಆಯಿತು, ಆದರೆ ಗರ್ಭಕೋಶ ಕೂಡಲೇ ಕುಗ್ಗಲಿಲ್ಲ. ಸುಮಾರು 1200 ಮಿಲಿಲೀಟರ್ ರಕ್ತ ಹೋಯಿತು. ಔಷಧಿಗಳಿಂದ ನಿಂತಿತು. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು, ತಮ್ಮನ ಚೀಲ ಏರಿಸಿದರು. ಮೊದಲ ಹದಿನೈದು ನಿಮಿಷ ಹನಿ ಹನಿಯಾಗಿ, ಪಕ್ಕದಲ್ಲೇ ನರ್ಸ್ ಕುಳಿತು. ಏನೂ ಆಗಲಿಲ್ಲ. ಎರಡನೆಯ ದಾನಿಗೆ ಫೋನ್ ಮಾಡಿ ಬೇಕಾಗಲಿಲ್ಲ ಎಂದು ತಿಳಿಸಿದೆವು. 7.2ರಲ್ಲೇ ಹೆರಿಗೆಯಾಗಿ ಇಷ್ಟೇ ರಕ್ತ ಹೋಗಿದ್ದರೆ ಆ ಒಂದು ಚೀಲ ಯಾವುದಕ್ಕೂ ಸಾಲುತ್ತಿರಲಿಲ್ಲ. ಮಗುವಿನ ಗುಂಪು ಎಬಿ ಪಾಸಿಟಿವ್. ಈ ಸಲ ಯಾರೂ ಏನೂ ಅನ್ನಲಿಲ್ಲ.

ಈ ಪ್ರಕರಣದಲ್ಲಿ ನಮಗೆ ಕೈಯಲ್ಲಿ ಆರು ವಾರ ಇತ್ತು. ಅದೇ ಹೆಣ್ಣುಮಗಳು ರಕ್ತಸ್ರಾವದೊಂದಿಗೆ ರಾತ್ರಿ ಎರಡು ಗಂಟೆಗೆ ಬಂದಿದ್ದರೆ, ಅಥವಾ ಕೊನೆ ಕೊಯ್ಯಲು ಹತ್ತಿದವನು ಮರದಿಂದ ಬಿದ್ದು ಗುಲ್ಮ ಒಡೆದುಕೊಂಡು ಬಂದಿದ್ದರೆ, ಮೇಲೆ ಹೇಳಿದ ಯಾವ ಹೆಜ್ಜೆಗೂ ಸಮಯ ಇರುವುದಿಲ್ಲ. ಹಾಗಾಗಿ ಈ ಗುಂಪು ಇದೆಯೆಂದು ಮುಂಚೆಯೇ ಗೊತ್ತಿದ್ದರೆ ಮಾತ್ರ ಉಪಯೋಗ.

ನಡುವೆ ಒಂದು ಮಾತು. ಬಾಂಬೆ ಒಂದೇ ಅಪರೂಪದ ಗುಂಪಲ್ಲ. ಕೋಲಾರದ ಕಡೆಯ ಮಹಿಳೆಯೊಬ್ಬರು ಹೃದಯದ ಶಸ್ತ್ರಚಿಕಿತ್ಸೆಗೆ ಬಂದಾಗ ಅವರದೂ ಒ ಪಾಸಿಟಿವ್ ಎಂದೇ ಇತ್ತು, ಒಂದು ಚೀಲವೂ ಹೊಂದಲಿಲ್ಲ. ಮನೆಯವರನ್ನೆಲ್ಲ ಪರೀಕ್ಷಿಸಿದರೂ ಹೊಂದುವವರು ಸಿಗಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಬ್ರಿಸ್ಟಲಿನ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರು. ಅದು ಜಗತ್ತಿನಲ್ಲಿ ಅಲ್ಲಿಯವರೆಗೆ ಯಾರೂ ಕಾಣದ ಪ್ರತಿಜನಕ ಎಂದು 2025ರಲ್ಲಿ ಪ್ರಕಟವಾಯಿತು, ಕ್ರಿಬ್ ಎಂದು ಹೆಸರಿಟ್ಟರು. ಅಂಥವರಿಗೆ ಹೋಲಿಸಿದರೆ ಬಾಂಬೆಯವರು ಪುಣ್ಯವಂತರು, ಅವರಿಗೆ ದಾನಿಗಳಾದರೂ ಇದ್ದಾರೆ.

ಇನ್ನು ದಾನಿಗಳ ಕಡೆಯ ತೊಂದರೆ. ಚಿಕ್ಕ ತಮ್ಮನಂಥವರು ತಮ್ಮ ಗುಂಪು ತಿಳಿದ ಮೇಲೆ ಬಹಳ ಉತ್ಸಾಹದಿಂದ ಎಲ್ಲ ಶಿಬಿರಗಳಿಗೂ ಹೋಗಿ ರಕ್ತ ಕೊಡುತ್ತಾರೆ. ಅದು ಬೇಡ. ಹಾಗೆ ಕೊಟ್ಟ ಚೀಲ ಅವಧಿಯೊಳಗೆ ಇನ್ನೊಬ್ಬ ಬಾಂಬೆ ರೋಗಿಗೆ ಬೇಕಾಗುವುದು ಕಡಿಮೆ, ಆಮೇಲೆ 90 ದಿನ ನಿಮ್ಮ ಕೈ ಕಟ್ಟಿದಂತೆ. ಪಟ್ಟಿಯಲ್ಲಿ ಹೆಸರು ಬರೆಸಿ, ಫೋನ್ ನಂಬರ್ ಬದಲಾದರೆ ತಿಳಿಸಿ, ಕರೆದಾಗ ಬನ್ನಿ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಬಾಂಬೆ ರಕ್ತ ತುರ್ತಾಗಿ ಬೇಕು’ ಎಂಬ ಸಂದೇಶಗಳನ್ನು ತಾರೀಖು ನೋಡದೆ ಮುಂದೆ ಕಳಿಸಬೇಡಿ. ರೋಗಿ ಗುಣವಾಗಿ ಮನೆಗೆ ಹೋದ ಎಷ್ಟೋ ತಿಂಗಳ ಮೇಲೂ ಅವು ತಿರುಗುತ್ತಿರುತ್ತವೆ. ಅದನ್ನು ನಂಬಿ ಊರಿಂದ ಊರಿಗೆ ಬಂದು ವಾಪಸು ಹೋದ ದಾನಿ ಮುಂದಿನ ಸಲ ನಿಜವಾದ ಕರೆಗೂ ಫೋನ್ ಎತ್ತುವುದಿಲ್ಲ.

ಸಭೆಯಿಂದ ಒಂದು ಚೀಟಿ ಬಂದಿದೆ: ‘ಒ ಗುಂಪಿನವರೆಲ್ಲ ಈ ಪರೀಕ್ಷೆ ಮಾಡಿಸಬೇಕೇ?’ ಬೇಡ. ನಮ್ಮಲ್ಲಿ ಒ ಗುಂಪಿನವರೇ ಎಲ್ಲರಿಗಿಂತ ಹೆಚ್ಚು, ಅಷ್ಟೂ ಜನಕ್ಕೆ ಲೆಕ್ಟಿನ್ ಹಾಕುತ್ತಾ ಹೋದರೆ ಬಾಟಲಿ ಸಾಲದು. ಮನೆಯಲ್ಲಿ ಯಾರಿಗಾದರೂ ಬಾಂಬೆ ಗುಂಪು ಪತ್ತೆಯಾಗಿದ್ದರೆ ಅವರ ಒಡಹುಟ್ಟಿದವರೆಲ್ಲ ಮಾಡಿಸಬೇಕು, ಅವರ ಕಾರ್ಡಿನಲ್ಲಿ ಒ ಎಂದಿದ್ದರಂತೂ ತಡಮಾಡಬಾರದು. ಹಿಂದೆ ಯಾವಾಗಲಾದರೂ ರಕ್ತ ಹೊಂದಲಿಲ್ಲ ಎಂದು ಹೇಳಿಸಿಕೊಂಡವರು ಮಾಡಿಸಬೇಕು. ಒ ಗುಂಪಿನ ಬಸುರಿಯರು ಮತ್ತು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡವರು ಒಂದು ತಿಂಗಳು ಮುಂಚೆ ರಕ್ತನಿಧಿಯಲ್ಲೇ ಗುಂಪು ನೋಡಿಸಿ, ಗಾಜಿನ ಪಟ್ಟಿಯ ಮೇಲೆ ನೋಡಿದ್ದು ಸಾಲದು. ಒ ಕಣದ ಟ್ಯೂಬ್ ಇಟ್ಟಿದ್ದೀರಾ ಎಂದು ಕೇಳಿ. ಟೆಕ್ನಿಷಿಯನ್ ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ.